ಕಾನ ಮತ್ತು ಅದರ ಸಹೋದರಿಯರು: ವಿಧೇಯಕ್ಕೆ ‘ಅನ್’ ಬರುವುದು ಭೂತಕಾಲದಿಂದಲೋ, ಕ್ರಿಯಾಪದದಿಂದಲೋ?

ಹಸ್ತಾಕ್ಷರ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಅರಬಿ ವ್ಯಾಕರಣವನ್ನು ಮೊದಲಿನಿಂದ ಕಲಿಯುತ್ತಿದ್ದೇನೆ. ಕ್ರಿಯಾಪದವಿಲ್ಲದ ವಾಕ್ಯದಲ್ಲಿ ಉದ್ದೇಶ್ಯ ಮತ್ತು ವಿಧೇಯ ಎರಡೂ ‘ಉನ್’ ಅಥವಾ ‘ಉ’ ಎಂದು ಮುಗಿಯುತ್ತವೆ, ಅದರ ಮುಂದೆ ‘ಕಾನ’ ಬಂದರೆ ವಿಧೇಯ ಮಾತ್ರ ‘ಅನ್’ ಆಗುತ್ತದೆ ಎಂಬಲ್ಲಿಯವರೆಗೆ ನನಗೆ ಸ್ಪಷ್ಟವಾಗಿದೆ. ‘ಅಲ್ ಬೈತು ಕಬೀರುನ್’ ಎಂದರೆ ಮನೆ ದೊಡ್ಡದು, ‘ಕಾನಲ್ ಬೈತು ಕಬೀರನ್’ ಎಂದರೆ ಮನೆ ದೊಡ್ಡದಾಗಿತ್ತು. ಆದರೆ ಅಭ್ಯಾಸಕ್ಕೆ ಕೊಟ್ಟಿರುವ ಒಂದು ಸಣ್ಣ ವರ್ಣನೆಯಲ್ಲಿ ಈ ನಿಯಮ ಒಂದು ವಾಕ್ಯಕ್ಕೆ ಹೊಂದಿದರೆ ಮುಂದಿನ ವಾಕ್ಯಕ್ಕೆ ಹೊಂದುವುದಿಲ್ಲ. ವಾಕ್ಯಗಳು ಹೀಗಿವೆ:

ಕಾನಲ್ ಬೈತು ಕಬೀರನ್. (ಮನೆ ದೊಡ್ಡದಾಗಿತ್ತು.)
ವ ಕಾನ ಫೀಹಿ ರಜುಲುನ್ ಮರೀದುನ್. (ಅದರಲ್ಲಿ ಅಸ್ವಸ್ಥನಾದ ಒಬ್ಬ ಮನುಷ್ಯನಿದ್ದನು.)
ವ ಕಾನತಿಲ್ ಬನಾತು ಜಾಲಿಸಾತಿನ್. (ಹುಡುಗಿಯರು ಕುಳಿತಿದ್ದರು.)
ವ ಬಾತಲ್ ಮತರು ಯನ್‌ಝಿಲು. (ರಾತ್ರಿಯಿಡೀ ಮಳೆ ಸುರಿಯುತ್ತಲೇ ಇತ್ತು.)
ವ ಮಾ ಝಾಲಲ್ ಬಾಬು ಮುಗ್ಲಕನ್. (ಬಾಗಿಲು ಇನ್ನೂ ಮುಚ್ಚಿಯೇ ಇದೆ.)

ಎರಡನೆಯ ವಾಕ್ಯದಲ್ಲಿ ‘ಮರೀದನ್’ ಏಕೆ ಬರಲಿಲ್ಲ? ಮೂರನೆಯದರಲ್ಲಿ ‘ಇನ್’ ಎಲ್ಲಿಂದ ಬಂತು? ನಾಲ್ಕನೆಯದರಲ್ಲಿ ಬದಲಾವಣೆಯೇ ಇಲ್ಲವೇಕೆ? ಐದನೆಯದರಲ್ಲಿ ‘ಮಾ’ ಎಂಬ ನಿಷೇಧವಿದ್ದರೂ ಅರ್ಥ ನಿಷೇಧವಾಗಿಲ್ಲವೇಕೆ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ದಮ್ಮಾಮ್ ನಿವಾಸಿ

ಸಹೋದರಿ, ಇಷ್ಟೊಂದು ಚಿಂತೆ ಮಾಡುವ ಅಗತ್ಯವಿಲ್ಲ. ನಾನು ಬಹಳ ಕಾಲದಿಂದ ಸೌದಿಯಲ್ಲಿದ್ದೇನೆ. ಇಲ್ಲಿ ಯಾರೂ ಮಾತಿನಲ್ಲಿ ‘ಉನ್’, ‘ಅನ್’ ಎಂದು ಹೇಳುವುದಿಲ್ಲ. ‘ಕಾನ್ ಮುಅತ್ತಲ್’, ಅಂದರೆ ಕೆಟ್ಟಿತ್ತು, ಎಂದಷ್ಟೇ ಹೇಳುತ್ತಾರೆ. ಆದರೆ ಬರವಣಿಗೆಯಲ್ಲಿ ಒಂದು ಸಂಗತಿಯನ್ನು ಗಮನಿಸಿದ್ದೇನೆ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಾಗ ಬಾಗಿಲಿಗೆ ಅಂಟಿಸುವ ಚೀಟಿಯಲ್ಲಿ ‘ಅಲ್ ಮಿಸ್‌ಅದು ಮುಅತ್ತಲ್’ ಎಂದಿರುತ್ತದೆ. ಅದು ಸರಿಯಾದ ಮೇಲೆ ಬರುವ ವರದಿಯಲ್ಲಿ ‘ಕಾನಲ್ ಮಿಸ್‌ಅದು’ ಎಂದಾದ ಬಳಿಕ ಅದೇ ‘ಮುಅತ್ತಲ್’ ಪದದ ಕೊನೆಗೆ ಒಂದು ಅಲಿಫ್ ಹೆಚ್ಚಾಗಿ ಸೇರಿರುತ್ತದೆ. ಆದ್ದರಿಂದ ಆ ಅಲಿಫ್ ಭೂತಕಾಲದ ಗುರುತು ಎಂದು ನಾನು ತಿಳಿದಿದ್ದೇನೆ. ಮುಗಿದುಹೋದ ಸ್ಥಿತಿಯಾದರೆ ಅಲಿಫ್ ಬರುತ್ತದೆ, ಈಗ ಇರುವ ಸ್ಥಿತಿಯಾದರೆ ಬರುವುದಿಲ್ಲ.

ಭಟ್ಕಳದ ಅಧ್ಯಾಪಕ

ದಮ್ಮಾಮ್‌ನ ಸಹೋದರರು ಕಂಡದ್ದು ಸರಿ, ಅದಕ್ಕೆ ಕೊಟ್ಟ ಕಾರಣ ಸರಿಯಲ್ಲ. ಸ್ವರಚಿಹ್ನೆಗಳಿಲ್ಲದ ಅರಬಿ ಬರವಣಿಗೆಯಲ್ಲಿ ವಿಭಕ್ತಿ ಹೆಚ್ಚಾಗಿ ಕಣ್ಣಿಗೆ ಕಾಣುವುದಿಲ್ಲ. ‘ಮುಅತ್ತಲುನ್’ ಮತ್ತು ‘ಮುಅತ್ತಲಿನ್’ ಎರಡನ್ನೂ ಒಂದೇ ರೀತಿ ಬರೆಯುತ್ತಾರೆ. ‘ಮುಅತ್ತಲನ್’ ಒಂದಕ್ಕೆ ಮಾತ್ರ ಆಧಾರವಾಗಿ ಅಲಿಫ್ ಬೇಕಾಗುತ್ತದೆ. ಪತ್ರಿಕೆ ಓದುವವರಿಗೆ ಕಾನದ ವಿಧೇಯ ಅಷ್ಟು ಬೇಗ ಕಣ್ಣಿಗೆ ಬೀಳುವುದು ಅದರಿಂದಲೇ.

ಆದರೆ ಅದು ಭೂತಕಾಲದ ಗುರುತಲ್ಲ. ಲಿಫ್ಟ್ ನಾಳೆ ಕೆಟ್ಟಿರುತ್ತದೆ ಎಂದು ಬರೆಯಬೇಕಾದರೆ ‘ಸಯಕೂನುಲ್ ಮಿಸ್‌ಅದು ಮುಅತ್ತಲನ್ ಗದನ್’ ಎಂದೇ ಬರೆಯಬೇಕು. ಕಾಲ ಭವಿಷ್ಯ, ಅಲಿಫ್ ಅಲ್ಲಿಯೂ ಇದೆ. ಲಿಫ್ಟ್ ಈಗ ಕೆಟ್ಟಿಲ್ಲ ಎನ್ನಲು ‘ಲೈಸಲ್ ಮಿಸ್‌ಅದು ಮುಅತ್ತಲನ್’ ಎನ್ನುತ್ತೇವೆ. ಕಾಲ ವರ್ತಮಾನ, ಅಲಿಫ್ ಇದೆ. ಇನ್ನೂ ಕೆಟ್ಟೇ ಇದೆ ಎನ್ನಲು ‘ಮಾ ಝಾಲಲ್ ಮಿಸ್‌ಅದು ಮುಅತ್ತಲನ್’. ಸ್ಥಿತಿ ಈಗಲೂ ನಡೆಯುತ್ತಿದೆ, ಅಲಿಫ್ ಹೋಗಿಲ್ಲ. ಕಾಲ ಯಾವುದೇ ಇರಲಿ, ಈ ಗುಂಪಿನ ಕ್ರಿಯಾಪದವೊಂದು ಪೂರ್ಣವಾಕ್ಯದ ತಲೆಯ ಮೇಲೆ ಬಂದು ಕೂತರೆ ಅದು ಉದ್ದೇಶ್ಯವನ್ನು ಪ್ರಥಮಾ ವಿಭಕ್ತಿಯಲ್ಲಿಯೇ ಇಟ್ಟುಕೊಂಡು ವಿಧೇಯವನ್ನು ದ್ವಿತೀಯಾ ವಿಭಕ್ತಿಗೆ ಎಳೆಯುತ್ತದೆ. ನಮ್ಮ ಮದರಸಾಗಳಲ್ಲಿ ಮೊದಲನೆಯದನ್ನು ಕಾನದ ಇಸ್ಮ್ ಎಂದೂ ಎರಡನೆಯದನ್ನು ಕಾನದ ಖಬರ್ ಎಂದೂ ಕರೆಯುತ್ತೇವೆ. ಆರಂಭದ ತರಗತಿಗಳಲ್ಲಿ ಇಂಥ 13 ಕ್ರಿಯಾಪದಗಳನ್ನು ಕಂಠಪಾಠ ಮಾಡಿಸುವುದು ವಾಡಿಕೆ.

ಇನ್ನು ಎರಡನೆಯ ವಾಕ್ಯ. ಇಲ್ಲಿ ಮಾಡಬೇಕಾದ ಕೆಲಸ ಒಂದೇ: ಕಾನವನ್ನು ತೆಗೆದುಹಾಕಿ, ಉಳಿದ ವಾಕ್ಯವನ್ನು ಓದಿರಿ. ‘ಫೀಹಿ ರಜುಲುನ್ ಮರೀದುನ್’ ಎಂದು ಉಳಿಯುತ್ತದೆ. ಇದರಲ್ಲಿ ಯಾರ ಬಗ್ಗೆ ಹೇಳುತ್ತಿದ್ದೇವೆ? ಒಬ್ಬ ಅಸ್ವಸ್ಥ ಮನುಷ್ಯನ ಬಗ್ಗೆ. ಏನು ಹೇಳುತ್ತಿದ್ದೇವೆ? ಅವನು ಅದರಲ್ಲಿದ್ದಾನೆ ಎಂದು. ಆದ್ದರಿಂದ ವಿಧೇಯವೆಂದರೆ ‘ಫೀಹಿ’, ಅಂದರೆ ‘ಅದರಲ್ಲಿ’. ಉದ್ದೇಶ್ಯವು ಗೊತ್ತಿಲ್ಲದ ಯಾರೋ ಒಬ್ಬನಾದ್ದರಿಂದ ಅರಬಿಯಲ್ಲಿ ಅದು ಹಿಂದಕ್ಕೆ ಸರಿದಿದೆ. ಕಾನ ಬಂದ ಮೇಲೂ ‘ರಜುಲುನ್’ ಅದರ ಇಸ್ಮ್ ಆಗಿಯೇ ಉಳಿಯುತ್ತದೆ. ‘ಮರೀದುನ್’ ಆ ಮನುಷ್ಯನ ವಿಶೇಷಣವಷ್ಟೇ, ಅದು ತನ್ನ ಯಜಮಾನನ ಹಿಂದೆ ಹೋಗುತ್ತದೆ. ಕಾನದ ಪ್ರಭಾವ ಬಿದ್ದದ್ದು ‘ಫೀಹಿ’ಯ ಮೇಲೆ, ಆದರೆ ಅದು ಅವ್ಯಯ ಸೇರಿದ ಪದಗುಚ್ಛವಾದ್ದರಿಂದ ಅಲ್ಲಿ ಗುರುತು ತೋರಲು ಜಾಗವಿಲ್ಲ.

ಇದಕ್ಕೆ ಪ್ರತಿಯಾಗಿ ‘ಕಾನರ್ರಜುಲು ಮರೀದನ್’ ಎಂಬುದನ್ನು ಇಡಿ. ಈಗ ಮನುಷ್ಯನು ನಮಗೆ ಗೊತ್ತಿರುವವನು, ಹೇಳಬೇಕಾದದ್ದು ಅವನ ಅಸ್ವಸ್ಥತೆಯನ್ನು. ಅದೇ ಪದ ಇಲ್ಲಿ ವಿಧೇಯವಾಗಿದೆ, ಆದ್ದರಿಂದ ‘ಮರೀದನ್’.

ವ್ಯಾಕರಣಪ್ರಿಯ, ಧಾರವಾಡ

ಅಧ್ಯಾಪಕರ ಕೊನೆಯ ಎರಡು ವಾಕ್ಯಗಳನ್ನು ಕನ್ನಡದಲ್ಲಿ ಇಟ್ಟು ನೋಡಿದರೆ ನನಗೆ ಒಂದು ಆಶ್ಚರ್ಯ ಕಾಣುತ್ತದೆ. ‘ಅದರಲ್ಲಿ ಅಸ್ವಸ್ಥನಾದ ಒಬ್ಬ ಮನುಷ್ಯನಿದ್ದನು’ ಮತ್ತು ‘ಆ ಮನುಷ್ಯನು ಅಸ್ವಸ್ಥನಾಗಿದ್ದನು’. ಮೊದಲನೆಯದರಲ್ಲಿ ‘ಆದ’, ಎರಡನೆಯದರಲ್ಲಿ ‘ಆಗಿ’. ಅರಬಿಯ ‘ಮರೀದುನ್’ ಮತ್ತು ‘ಮರೀದನ್’ ಎಂಬ ಭೇದ ಇಲ್ಲಿ ಹಾಗೆಯೇ ನಿಂತಿದೆ.

ಇಷ್ಟೇ ಅಲ್ಲ. ಅರಬಿಯಂತೆ ಕನ್ನಡದಲ್ಲಿಯೂ ‘ಅವನು ವಿದ್ಯಾರ್ಥಿ’ ಎಂದರೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಡ. ಭೂತಕಾಲಕ್ಕೆ ಹೋದ ಕೂಡಲೇ ‘ಅವನು ವಿದ್ಯಾರ್ಥಿ ಇದ್ದನು’ ಎನ್ನಲಾಗುವುದಿಲ್ಲ, ‘ವಿದ್ಯಾರ್ಥಿಯಾಗಿದ್ದನು’ ಎನ್ನಬೇಕು. ‘ಇರು’ ಎಂಬ ಕ್ರಿಯಾಪದ ಬಂದೊಡನೆ ವಿಧೇಯವು ತನ್ನ ರೂಪವನ್ನು ಬದಲಿಸಿಕೊಂಡಿತು. ಹಾಗಾದರೆ ಕನ್ನಡಿಗರು ಕಾನವನ್ನು ಹೊಸದಾಗಿ ಕಲಿಯಬೇಕಾಗಿಯೇ ಇಲ್ಲ: ಕನ್ನಡದಲ್ಲಿ ‘ಆಗಿ’ ಬರುವಲ್ಲೆಲ್ಲ ಅರಬಿಯಲ್ಲಿ ‘ಅನ್’ ಹಾಕಿದರೆ ಸಾಕು.

ಸುದ್ದಿ ಅನುವಾದಕಿ, ಬೆಂಗಳೂರು

ವ್ಯಾಕರಣಪ್ರಿಯರ ಹೋಲಿಕೆ ಮನಸ್ಸಿಗೆ ಹಿಡಿಸಿತು, ಆದರೆ ಕೊನೆಯ ಸೂತ್ರವನ್ನು ಕಲಿಯುವವರು ನೆಚ್ಚಿಕೊಂಡರೆ ಎರಡು ಕಡೆ ಎಡವುತ್ತಾರೆ. ‘ಮನೆ ದೊಡ್ಡದಾಗಿದೆ’ ಎಂದು ನಾವು ವರ್ತಮಾನದಲ್ಲಿಯೂ ‘ಆಗಿ’ ಹಚ್ಚುತ್ತೇವೆ, ಅರಬಿಯಲ್ಲಿ ಅದು ‘ಅಲ್ ಬೈತು ಕಬೀರುನ್’ ಮಾತ್ರ. ಇನ್ನೊಂದು ಕಡೆ, ‘ಹುಡುಗಿಯರು ಕುಳಿತಿದ್ದರು’ ಎಂಬಲ್ಲಿ ನಮಗೆ ‘ಆಗಿ’ ಇಲ್ಲ, ಅರಬಿಯಲ್ಲಿ ‘ಜಾಲಿಸಾತಿನ್’ ಎಂಬುದು ಸ್ಪಷ್ಟವಾಗಿ ದ್ವಿತೀಯಾ ವಿಭಕ್ತಿಯಲ್ಲಿದೆ.

ಅಲ್ಲಿ ‘ಇನ್’ ಏಕೆಂದು ಹಸ್ತಾಕ್ಷರ ಅವರು ಕೇಳಿದ್ದಾರೆ. ‘ಆತ್’ ಎಂದು ಮುಗಿಯುವ ಸ್ತ್ರೀಲಿಂಗ ಬಹುವಚನಗಳಿಗೆ ‘ಅನ್’ ಎಂಬ ರೂಪವೇ ಇಲ್ಲ. ದ್ವಿತೀಯೆ ಬೇಕಾದಾಗಲೂ ಅವು ‘ಇನ್’ ಎಂಬುದನ್ನೇ ತೊಡುತ್ತವೆ. ‘ರಅಯ್ತುಲ್ ಬನಾತಿ’, ಹುಡುಗಿಯರನ್ನು ಕಂಡೆ, ಎಂಬಲ್ಲಿ ನೀವು ಈಗಾಗಲೇ ಇದನ್ನು ನೋಡಿರಬಹುದು. ಪುರುಷರ ಗುಂಪಾದರೆ ‘ಕಾನರ್ರಿಜಾಲು ಜಾಲಿಸೀನ’. ‘ಜಾಲಿಸೂನ’ ಎಂಬುದರ ‘ಊ’ ಹೋಗಿ ‘ಈ’ ಬಂದಿತು, ಇದು ಸ್ವರಚಿಹ್ನೆಯಿಲ್ಲದ ಬರಹದಲ್ಲಿಯೂ ಕಾಣುತ್ತದೆ.

ಕರಡು ತಿದ್ದುವ ಕೆಲಸದಲ್ಲಿ ನಾನು ಹೆಚ್ಚು ಕಾಣುವ ತಪ್ಪು ಇದಕ್ಕಿಂತ ಬೇರೆ. ಕಾನದ ನಂತರ ಅಲಿಫ್ ಬರಬೇಕೆಂದು ಕಲಿತವರು ಎಲ್ಲ ಕಡೆಯೂ ಅಲಿಫ್ ಸೇರಿಸುತ್ತಾರೆ. ಬಾಗಿಲು ಕೆಂಪಾಗಿತ್ತು ಎಂಬುದು ‘ಕಾನಲ್ ಬಾಬು ಅಹ್ಮರ’, ‘ಅಹ್ಮರನ್’ ಅಲ್ಲ. ಬಣ್ಣಗಳ ಈ ಅಚ್ಚಿನ ಪದಗಳು ಕೊನೆಯ ‘ನ್’ ಧ್ವನಿಯನ್ನು ಸ್ವೀಕರಿಸುವುದಿಲ್ಲ, ಆದ್ದರಿಂದ ಅಲಿಫ್‌ಗೆ ಅಲ್ಲಿ ಕೆಲಸವಿಲ್ಲ. ಹಾಗೆಯೇ ‘ಕಬೀರತನ್’ ಎಂಬ ಸ್ತ್ರೀಲಿಂಗ ಏಕವಚನದಲ್ಲಿ ‘ಅನ್’ ಉಚ್ಚಾರಣೆಯಲ್ಲಿದೆ, ಆದರೆ ಅದರ ಕೊನೆಯ ದುಂಡನೆಯ ‘ತಾ’ ಅಕ್ಷರದ ಮೇಲೆ ಅಲಿಫ್ ನಿಲ್ಲುವುದಿಲ್ಲ.

ಹಸ್ತಾಕ್ಷರ, ಮೈಸೂರು

ಕಾನವನ್ನು ತೆಗೆದು ಓದುವ ಕ್ರಮದಿಂದ ಎರಡನೆಯ ವಾಕ್ಯ ಸಂಪೂರ್ಣ ಬಿಡಿಸಿಕೊಂಡಿತು, ಅಧ್ಯಾಪಕರಿಗೆ ಕೃತಜ್ಞಳಾಗಿದ್ದೇನೆ. ಈಗ ಮಳೆಯ ವಾಕ್ಯ. ‘ಬಾತ’ ಸಹ ಕಾನದ ಸಹೋದರಿ, ಅದರ ವಿಧೇಯ ‘ಯನ್‌ಝಿಲು’. ಹಾಗಿದ್ದರೆ ‘ಯನ್‌ಝಿಲ’ ಎಂದಾಗಬೇಕಲ್ಲವೇ?

ದಮ್ಮಾಮ್ ನಿವಾಸಿ

ನನ್ನ ತಿಳಿವಳಿಕೆಯಂತೆ ‘ಯನ್‌ಝಿಲ’ ಎಂಬ ರೂಪವೂ ಇದೆ, ‘ಲನ್ ಯನ್‌ಝಿಲ’ ಎಂದು ಓದಿದ ನೆನಪಿದೆ. ಆದ್ದರಿಂದ ಸಹೋದರಿ ಕೇಳುತ್ತಿರುವುದು ಸರಿಯಿರಬಹುದು.

ಭಟ್ಕಳದ ಅಧ್ಯಾಪಕ

‘ಲನ್ ಯನ್‌ಝಿಲ’ ಎಂಬುದರಲ್ಲಿ ಆ ‘ಅ’ಕಾರವನ್ನು ತಂದದ್ದು ‘ಲನ್’ ಎಂಬ ಅವ್ಯಯ. ಕ್ರಿಯಾಪದಕ್ಕೆ ಈ ರೂಪವನ್ನು ಕೊಡುವ ಅವ್ಯಯಗಳೇ ಬೇರೆ ಇವೆ, ಕಾನ ಮತ್ತು ಸಹೋದರಿಯರಿಗೆ ಆ ಅಧಿಕಾರವಿಲ್ಲ. ‘ಬಾತಲ್ ಮತರು ಯನ್‌ಝಿಲು’ ಎಂಬಲ್ಲಿ ಖಬರ್ ಆಗಿರುವುದು ‘ಯನ್‌ಝಿಲು’ ಎಂಬ ಒಂದು ಪದವಲ್ಲ, ತನ್ನೊಳಗೆ ‘ಅದು’ ಎಂಬ ಕರ್ತೃವನ್ನೂ ಹೊತ್ತ ಒಂದು ಇಡೀ ಉಪವಾಕ್ಯ. ಉಪವಾಕ್ಯವು ದ್ವಿತೀಯೆಯ ಸ್ಥಾನದಲ್ಲಿ ಕೂತಿದೆ, ಆದರೆ ಅದರೊಳಗಿನ ಕ್ರಿಯಾಪದವನ್ನು ಯಾರೂ ಮುಟ್ಟಿಲ್ಲ. ಇದಕ್ಕೆ ಪರೀಕ್ಷೆ ಬೇಕಾದರೆ ಆ ಕ್ರಿಯಾಪದದ ಬದಲು ನಾಮಪದವನ್ನು ಇಡಿ: ‘ಬಾತಲ್ ಮತರು ನಾಝಿಲನ್’. ಕೂಡಲೇ ‘ಅನ್’ ಹೊರಗೆ ಬರುತ್ತದೆ.

ನಡೆಯುತ್ತಿದ್ದ ಕೆಲಸವನ್ನು ಹೇಳುವ ಸಾಮಾನ್ಯ ವಾಕ್ಯಗಳೆಲ್ಲ ಇದೇ ಅಚ್ಚಿನವು. ‘ಕಾನ ಯಕ್ತುಬು’, ಬರೆಯುತ್ತಿದ್ದನು. ‘ಮಾ ಝಾಲ ಯಕ್ತುಬು’, ಇನ್ನೂ ಬರೆಯುತ್ತಲೇ ಇದ್ದಾನೆ. ಇವುಗಳಲ್ಲಿ ಬದಲಾವಣೆಯನ್ನು ಕಣ್ಣಿನಿಂದ ಹುಡುಕಬಾರದು.

ಸುದ್ದಿ ಅನುವಾದಕಿ, ಬೆಂಗಳೂರು

ಐದನೆಯ ವಾಕ್ಯದ ‘ಮಾ’ ಬಗ್ಗೆ ನಾನು ಹೇಳಬಹುದು, ಏಕೆಂದರೆ ಸುದ್ದಿಯಲ್ಲಿ ಇದು ದಿನವೂ ಬರುತ್ತದೆ. ‘ಝಾಲ’ ಎಂಬುದರೊಳಗೇ ‘ಬಿಟ್ಟುಹೋಗು’, ‘ನಿಂತುಹೋಗು’ ಎಂಬ ಅಭಾವದ ಅರ್ಥವಿದೆ. ‘ಮಾ’ ಆ ಅಭಾವವನ್ನು ಅಲ್ಲಗಳೆಯುತ್ತದೆ. ಮುಚ್ಚಿರುವುದು ನಿಂತಿಲ್ಲ, ಅಂದರೆ ಇನ್ನೂ ಮುಚ್ಚಿದೆ. ಈ ಗುಂಪಿನಲ್ಲಿ ಇಂಥವು ನಾಲ್ಕು ಇವೆ: ಝಾಲ, ಬರಿಹ, ಫತಿಅ, ಇನ್‌ಫಕ್ಕ. ಇವು ನಿಷೇಧವಿಲ್ಲದೆ ಕಾನದ ಸಹೋದರಿಯರಾಗುವುದಿಲ್ಲ. ‘ಮಾ ದಾಮ’ ಎಂಬುದನ್ನು ಇವುಗಳ ಜೊತೆ ಸೇರಿಸಬೇಡಿ, ಅಲ್ಲಿಯ ‘ಮಾ’ ನಿಷೇಧವೇ ಅಲ್ಲ; ‘ಮಾ ದುಮ್ತು ಹಯ್ಯನ್’ ಎಂದರೆ ನಾನು ಬದುಕಿರುವಷ್ಟು ಕಾಲ ಎಂದರ್ಥ.

ಇಲ್ಲಿ ಒಂದು ಅಪಾಯವಿದೆ. ‘ಝಾಲಲ್ ಖತರು’ ಎಂದರೆ ಅಪಾಯ ಕಳೆಯಿತು. ಇದು ಒಂದೇ ನಾಮಪದದಿಂದ ತೃಪ್ತವಾಗುವ ಬೇರೆ ಕ್ರಿಯಾಪದ. ಭೂತರೂಪದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ವರ್ತಮಾನಕ್ಕೆ ಬಂದಾಗ ಬೇರೆಯಾಗುತ್ತವೆ. ‘ಲಾ ಯಝಾಲುಲ್ ಖತರು ಕಾಇಮನ್’, ಅಪಾಯ ಇನ್ನೂ ಇದ್ದೇ ಇದೆ. ‘ಯಝೂಲುಲ್ ಖತರು’, ಅಪಾಯ ಕಳೆಯುತ್ತದೆ. ‘ಯಝಾಲು’ ಮತ್ತು ‘ಯಝೂಲು’ಗಳ ನಡುವೆ ಇರುವುದು ಒಂದು ಸ್ವರ, ಆದರೆ ಸುದ್ದಿಯ ಅರ್ಥ ತಲೆಕೆಳಗಾಗುತ್ತದೆ. ವಾಕ್ಯದಲ್ಲಿ ಮುಂದೆ ಅಲಿಫ್ ಹೊತ್ತ ವಿಧೇಯವೊಂದು ಕಾಯುತ್ತಿದೆಯೇ ಎಂದು ನೋಡುವುದು ನನ್ನ ರೂಢಿ.

ಇನ್ನೊಂದು ವಿಷಯ: ‘ಮಾ ಝಾಲ’ ರೂಪದಿಂದ ಭೂತಕಾಲವಾದರೂ ಹೇಳುವುದು ಈಗಿನ ಸ್ಥಿತಿಯನ್ನು. ಆಗ ಅವನು ಇನ್ನೂ ಮಗುವಾಗಿದ್ದನು ಎನ್ನಬೇಕಾದರೆ ‘ಕಾನ ಲಾ ಯಝಾಲು ತಿಫ್ಲನ್’ ಎಂದು ಎರಡು ಸಹೋದರಿಯರನ್ನು ಒಟ್ಟಿಗೆ ಬಳಸುತ್ತಾರೆ.

ವ್ಯಾಕರಣಪ್ರಿಯ, ಧಾರವಾಡ

ಆ ವಾಕ್ಯದಲ್ಲಿ ‘ತಿಫ್ಲನ್’ ಎಂಬುದಕ್ಕೆ ದ್ವಿತೀಯೆ ಕೊಟ್ಟವರು ಯಾರು, ಕಾನವೋ ಯಝಾಲುವೋ? ಇನ್ನೊಂದು ಮೂಲಭೂತ ಪ್ರಶ್ನೆಯೂ ನನ್ನನ್ನು ಕಾಡುತ್ತಿದೆ. ‘ಅವನು ಹಣ್ಣನ್ನು ತಿಂದನು’ ಎಂಬಲ್ಲಿ ತಿನ್ನುವವನು ಬೇರೆ, ಹಣ್ಣು ಬೇರೆ, ಹಾಗಾಗಿ ದ್ವಿತೀಯೆ ಅರ್ಥವಾಗುತ್ತದೆ. ‘ಮನೆ ದೊಡ್ಡದಾಗಿತ್ತು’ ಎಂಬಲ್ಲಿ ಮನೆಯೂ ದೊಡ್ಡದೂ ಒಂದೇ ವಸ್ತು. ತನ್ನನ್ನೇ ಹೇಳುವ ಪದಕ್ಕೆ ಕರ್ಮದ ವಿಭಕ್ತಿ ಹೇಗೆ ಬಂತು?

ಭಟ್ಕಳದ ಅಧ್ಯಾಪಕ

ಮೊದಲ ಪ್ರಶ್ನೆಗೆ ಉತ್ತರ ಸುಲಭ. ‘ತಿಫ್ಲನ್’ ಹತ್ತಿರದ ಯಝಾಲುವಿನ ಖಬರ್. ‘ಲಾ ಯಝಾಲು ತಿಫ್ಲನ್’ ಎಂಬ ಇಡೀ ಉಪವಾಕ್ಯ ಕಾನದ ಖಬರ್.

ಎರಡನೆಯ ಪ್ರಶ್ನೆಯನ್ನು ಬಸ್ರಾ ಮತ್ತು ಕೂಫಾದ ವೈಯಾಕರಣರು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಬಸ್ರಾದ ಸೀಬವೈಹಿಗೂ ನೀವು ಹೇಳಿದ ತೊಡಕು ಕಂಡಿತ್ತು: ಕಾನವು ಕರ್ತೃ ಕರ್ಮಗಳಿರುವ ಕ್ರಿಯಾಪದದಂತೆ ನಡೆಯುತ್ತದೆ, ಆದರೆ ಇಲ್ಲಿ ಆ ಎರಡೂ ಒಂದೇ ವಸ್ತುವನ್ನು ಸೂಚಿಸುತ್ತವೆ ಎಂಬುದು ಆತನ ವಿವರಣೆ. ಬಸ್ರಾದವರ ಪ್ರಕಾರ ಇಸ್ಮ್ ಮತ್ತು ಖಬರ್ ಎರಡರ ವಿಭಕ್ತಿಗೂ ಕಾನವೇ ಕಾರಣ. ಕೂಫಾದವರು ಬೇರೆ ದಾರಿ ಹಿಡಿದರು. ಉದ್ದೇಶ್ಯ ಮೊದಲಿದ್ದಂತೆಯೇ ಇದೆ, ಅದನ್ನು ಕಾನ ಮುಟ್ಟಿಲ್ಲ. ಖಬರ್‌ಗೆ ಬಂದ ದ್ವಿತೀಯೆ ಕರ್ಮದ್ದಲ್ಲ, ‘ಹಾಲ್’ನದು, ಅಂದರೆ ಒಬ್ಬನು ಯಾವ ಸ್ಥಿತಿಯಲ್ಲಿದ್ದು ಏನು ಮಾಡಿದನೆಂದು ಹೇಳುವ ಪದದ್ದು ಎಂದರು.

ವ್ಯಾಕರಣಪ್ರಿಯ, ಧಾರವಾಡ

ಹಾಗಿದ್ದರೆ ಕನ್ನಡ ಕೂಫಾದ ಪಕ್ಷದಲ್ಲಿದೆ! ‘ಜಾಅರ್ರಜುಲು ಮರೀದನ್’ ಎಂಬುದನ್ನು ನಾವು ‘ಆ ಮನುಷ್ಯನು ಅಸ್ವಸ್ಥನಾಗಿ ಬಂದನು’ ಎನ್ನುತ್ತೇವೆ, ‘ಕಾನರ್ರಜುಲು ಮರೀದನ್’ ಎಂಬುದನ್ನು ‘ಅಸ್ವಸ್ಥನಾಗಿ ಇದ್ದನು’ ಎನ್ನುತ್ತೇವೆ. ಎರಡಕ್ಕೂ ಒಂದೇ ‘ಆಗಿ’. ನನ್ನ ಹೋಲಿಕೆಯನ್ನು ಅನುವಾದಕಿಯವರು ಮಿತಗೊಳಿಸಿದ್ದು ನ್ಯಾಯವೇ, ಆದರೆ ಅದರ ಬೇರು ಇಲ್ಲಿದೆ ಎಂದು ಈಗ ಅನ್ನಿಸುತ್ತಿದೆ.

ಭಟ್ಕಳದ ಅಧ್ಯಾಪಕ

ಈ ಸಾಮ್ಯ ನನಗೂ ಬಹಳ ಇಷ್ಟವಾಯಿತು, ತರಗತಿಯಲ್ಲಿ ಬಳಸುತ್ತೇನೆ. ಆದರೂ ಬಸ್ರಾದವರ ಆಕ್ಷೇಪವನ್ನು ಕೇಳಿರಿ. ‘ಅಸ್ವಸ್ಥನಾಗಿ ಬಂದನು’ ಎಂಬುದರಿಂದ ‘ಅಸ್ವಸ್ಥನಾಗಿ’ ತೆಗೆದರೆ ‘ಬಂದನು’ ಉಳಿಯುತ್ತದೆ, ವಾಕ್ಯ ಪೂರ್ಣವಾಗಿಯೇ ಇರುತ್ತದೆ. ‘ಕಾನರ್ರಜುಲು’ ಎಂದು ನಿಲ್ಲಿಸಿದರೆ ಕೇಳುವವನು ಮುಂದೇನು ಎಂದು ಕಾಯುತ್ತಾನೆ. ಅಲ್ಲದೆ ಹಾಲ್ ಸಾಮಾನ್ಯವಾಗಿ ಅನಿರ್ದಿಷ್ಟ ಪದವಾಗಿರುತ್ತದೆ, ಕಾನದ ಖಬರ್‌ಗೆ ಆ ಕಟ್ಟಿಲ್ಲ. ‘ಕಾನ ಝೈದುನ್ ಅಖಾಕ’, ಝೈದನು ನಿನ್ನ ಅಣ್ಣನಾಗಿದ್ದನು, ಎನ್ನುವುದು ಸಲೀಸಾದ ಅರಬಿ. ನಾನು ಬಸ್ರಾದವರ ಮಾತನ್ನೇ ಒಪ್ಪುತ್ತೇನೆ.

ಕಾನವು ಖಬರ್ ಇಲ್ಲದೆ ನಿಲ್ಲುವ ಸಂದರ್ಭವೂ ಇದೆ, ಆದರೆ ಆಗ ಅರ್ಥ ಬದಲಾಗುತ್ತದೆ. ಕುರ್‌ಆನ್‌ನ 2:280ರಲ್ಲಿ ‘ವ ಇನ್ ಕಾನ ಝೂ ಉಸ್ರತಿನ್’ ಎಂದಿದೆ. ಕಷ್ಟದಲ್ಲಿರುವವನೊಬ್ಬ ಇದ್ದರೆ ಎಂದರ್ಥ. ‘ಝೂ’ ಎಂಬ ರೂಪ ಪ್ರಥಮಾ ವಿಭಕ್ತಿಯದು. ಪ್ರಚಲಿತ ಓದಿನ ಪ್ರಕಾರ ಇಲ್ಲಿ ಕಾನವು ‘ಇರುವಿಕೆ’ಯನ್ನೇ ಹೇಳುವ ಪೂರ್ಣ ಕ್ರಿಯಾಪದ.

ಪದಗಳ ಕ್ರಮವನ್ನು ನಂಬಬಾರದೆಂಬುದಕ್ಕೆ 30:47 ಒಳ್ಳೆಯ ಉದಾಹರಣೆ: ‘ವ ಕಾನ ಹಕ್ಕನ್ ಅಲೈನಾ ನಸ್ರುಲ್ ಮುಅ್‌ಮಿನೀನ್’. ವಿಶ್ವಾಸಿಗಳಿಗೆ ನೆರವಾಗುವುದು ನಮ್ಮ ಮೇಲಿನ ಹೊಣೆಯಾಗಿತ್ತು ಎಂದು ತಾತ್ಪರ್ಯ. ಕಾನದ ಪಕ್ಕದಲ್ಲಿ ಮೊದಲು ಬಂದ ‘ಹಕ್ಕನ್’ ಇಸ್ಮ್ ಅಲ್ಲ, ಖಬರ್. ಹಿಂದೆ ಬಂದ ‘ನಸ್ರು’ ಇಸ್ಮ್. ಇಲ್ಲಿ ಎರಡನ್ನು ಬೇರ್ಪಡಿಸಿ ತೋರಿಸುವುದು ಕೊನೆಯ ಸ್ವರಗಳೇ.

ದಮ್ಮಾಮ್ ನಿವಾಸಿ

ಅಧ್ಯಾಪಕರೇ, ಭೂತಕಾಲದ ಗುರುತಲ್ಲ ಎಂಬುದನ್ನು ಒಪ್ಪಿದೆ. ಆದರೆ ‘ವ ಕಾನಲ್ಲಾಹು ಗಫೂರನ್ ರಹೀಮಾ’ ಎಂದು ಓದುವಾಗ, ಅಲ್ಲಾಹನು ಕ್ಷಮಿಸುವವನಾಗಿದ್ದನು, ಈಗ ಅಲ್ಲ ಎಂದಾಗುವುದಿಲ್ಲವೇ? ನನ್ನ ಮಗಳು ಇದನ್ನೇ ಕೇಳಿದಳು, ನನಗೆ ಉತ್ತರಿಸಲಾಗಲಿಲ್ಲ.

ಭಟ್ಕಳದ ಅಧ್ಯಾಪಕ

ಹಾಗೆ ಆಗುವುದಿಲ್ಲ. ಕಾನವು ಒಂದು ಗುಣವನ್ನು ಹಿಂದಿನ ಕಾಲದಲ್ಲಿ ಸ್ಥಾಪಿಸುತ್ತದೆ. ಅದು ಅಲ್ಲಿಗೇ ಮುಗಿಯಿತು ಎಂಬ ಅರ್ಥ ಆ ಪದದೊಳಗಿಲ್ಲ, ಸಂದರ್ಭ ಅದನ್ನು ಸೇರಿಸುತ್ತದೆ ಅಥವಾ ಸೇರಿಸುವುದಿಲ್ಲ. ಲಿಫ್ಟ್ ಕೆಟ್ಟಿತ್ತು ಎಂದಾಗ ಈಗ ಸರಿಯಾಗಿದೆ ಎಂದು ನಾವು ಊಹಿಸುತ್ತೇವೆ, ಶಾಶ್ವತ ಗುಣದ ಬಗ್ಗೆ ಹೇಳಿದಾಗ ಆ ಊಹೆಗೆ ಅವಕಾಶವಿಲ್ಲ. ಮಗಳಿಗೆ ‘ಯಾವಾಗಲೂ ಕ್ಷಮಿಸುವವನೇ ಆಗಿದ್ದಾನೆ’ ಎಂದು ಹೇಳಿರಿ.

ಹಸ್ತಾಕ್ಷರ, ಮೈಸೂರು

ಎಲ್ಲರಿಗೂ ಧನ್ಯವಾದಗಳು. ವರ್ಣನೆಯನ್ನು ಮುಂದುವರಿಸಲು ನಾನು ಬರೆದದ್ದು: ‘ವ ಕಾನ ಫಿಲ್ ಗುರ್‌ಫತಿ ಬಾಬುನ್ ಅಹ್ಮರು, ವ ಲಾ ಝಾಲ ಮುಗ್ಲಕನ್.’ ಕೋಣೆಯಲ್ಲಿ ಒಂದು ಕೆಂಪು ಬಾಗಿಲಿತ್ತು, ಅದು ಇನ್ನೂ ಮುಚ್ಚಿಯೇ ಇದೆ. ಇದು ಸರಿಯೇ?

ಭಟ್ಕಳದ ಅಧ್ಯಾಪಕ

ಮೊದಲ ಭಾಗ ಪೂರ್ತಿ ಸರಿ. ‘ಅಹ್ಮರು’ ಬಾಗಿಲಿನ ವಿಶೇಷಣವಾಗಿ ಪ್ರಥಮೆಯಲ್ಲಿ ಉಳಿದಿದೆ, ‘ನ್’ ಸೇರಿಲ್ಲ. ‘ಲಾ ಝಾಲ’ ಎಂಬುದನ್ನು ಮಾತ್ರ ‘ಮಾ ಝಾಲ’ ಅಥವಾ ‘ಲಾ ಯಝಾಲು’ ಎಂದು ಮಾಡಿರಿ. ಭೂತರೂಪದ ಮುಂದೆ ‘ಲಾ’ ಬಂದರೆ ಹಳೆಯ ಪ್ರಯೋಗದಲ್ಲಿ ಅದು ಹಾರೈಕೆಯಾಗುತ್ತದೆ: ‘ಲಾ ಝಿಲ್ತ ಬಿಖೈರಿನ್’, ನೀನು ಸದಾ ಕ್ಷೇಮವಾಗಿರು. ಬಾಗಿಲು ಮುಚ್ಚಿಯೇ ಇರಲೆಂದು ನೀವು ಹಾರೈಸುತ್ತಿಲ್ಲವಲ್ಲ.

ಸುದ್ದಿ ಅನುವಾದಕಿ, ಬೆಂಗಳೂರು

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಇಂದಿನ ಅರಬಿ ಪತ್ರಿಕೆಗಳು ‘ಇನ್ನೂ’ ಎಂಬರ್ಥದಲ್ಲಿ ‘ಲಾ ಝಾಲ’ ಎಂದು ಧಾರಾಳವಾಗಿ ಬರೆಯುತ್ತವೆ, ಓದುಗರು ಅದನ್ನು ಹಾರೈಕೆ ಎಂದು ತಿಳಿಯುವುದಿಲ್ಲ. ಓದುವಾಗ ಅದನ್ನು ತಪ್ಪೆಂದು ಎಣಿಸಿದರೆ ನಿತ್ಯದ ಸುದ್ದಿಯೇ ತಪ್ಪಾಗಿ ಕಾಣಲು ಶುರುವಾಗುತ್ತದೆ.

ಭಟ್ಕಳದ ಅಧ್ಯಾಪಕ

ಓದುವಾಗ ನಿಮ್ಮ ಮಾತು ಸರಿ, ಬರೆಯುವಾಗ ನನ್ನದನ್ನು ಬಿಡಲಾರೆ. ಪರೀಕ್ಷೆಯಲ್ಲಿ ಹಸ್ತಾಕ್ಷರ ಅವರು ‘ಮಾ ಝಾಲ’ ಎಂದೇ ಬರೆಯಲಿ; ಎರಡೂ ರೂಪಗಳಲ್ಲಿ ‘ಮುಗ್ಲಕನ್’ ಎಂಬುದು ಹಾಗೆಯೇ ಇರುತ್ತದೆ.